ಮುಂಗಡ ಬಂತು, ದಿನ ಯಾವತ್ತಿನಿಂದ ಎಣಿಸೋಣ?

"ದುಡ್ಡು ಬಂದಿದೆ ಸಾರ್, ಕೆಲಸ ಶುರು ಮಾಡ್ತೀವಿ. ಒಂದು ತಿಂಗಳಲ್ಲಿ ಮಾಲು ನಿಮ್ಮ ಕೈಲಿರುತ್ತೆ."

ಸಣ್ಣ ಕಾರ್ಖಾನೆ, ಕರಕುಶಲ ಘಟಕಗಳಲ್ಲಿ ಮುಂಗಡ ತಲುಪಿದ ಸುದ್ದಿ ಸಾಮಾನ್ಯವಾಗಿ ಹೀಗೆ ಫೋನಿನಲ್ಲೇ ಮುಗಿದುಹೋಗುತ್ತದೆ. ಮಾತಾಡಿದವರು ಸುಳ್ಳು ಹೇಳಿರುವುದಿಲ್ಲ, ಕೇಳಿಸಿಕೊಂಡವರೂ ತಪ್ಪು ತಿಳಿದಿರುವುದಿಲ್ಲ. ಆದರೂ ತಿಂಗಳು ತುಂಬುವ ಹೊತ್ತಿಗೆ ಇಬ್ಬರ ನಡುವೆ ಜಗಳ ಹತ್ತಿರುತ್ತದೆ. ಒಂದು ತಿಂಗಳೆಂದರೆ ಹಣ ಹಾಕಿದ ದಿನದಿಂದಲೋ, ಮಾದರಿಗೆ ಒಪ್ಪಿಗೆ ಕೊಟ್ಟ ದಿನದಿಂದಲೋ? ಕೈಲಿರುತ್ತದೆ ಎಂದರೆ ಮಾಲು ಲಾರಿ ಹತ್ತುವ ದಿನವೋ, ಗಿರಾಕಿಯ ಬಾಗಿಲಿಗೆ ಇಳಿಯುವ ದಿನವೋ? ಇದನ್ನು ಇಬ್ಬರೂ ತಮಗೆ ಅನುಕೂಲವಾದಂತೆ ಅಂದುಕೊಂಡಿರುತ್ತಾರೆ.

ಈ ಗೊಂದಲ ತಪ್ಪಿಸಲು ಅರ್ಧ ಪುಟದ ಒಂದು ಪತ್ರ ಸಾಕು. ಮುಂಗಡ ತಲುಪಿದೆ, ಇಂಥ ದಿನ ಕೆಲಸ ಶುರು, ಇಂಥ ದಿನದೊಳಗೆ ರವಾನೆ ಎಂಬ ಮೂರೇ ಮಾತಿನ ಪತ್ರ ಅದು. ಆದರೆ ಆ ದಿನಾಂಕಗಳನ್ನು ಅಂದಾಜಿನಲ್ಲಿ ಬರೆಯಲು ಬರುವುದಿಲ್ಲ, ಅಂಗಳದ ಮರದಿಂದ ಹಿಡಿದು ಪಾರ್ಸೆಲ್ ಆಫೀಸಿನವರೆಗೆ ಲೆಕ್ಕ ಹಾಕಬೇಕು. ಆ ಲೆಕ್ಕ ನಡೆಯುವ ಬಗೆಯನ್ನು ಚನ್ನಪಟ್ಟಣದ ಮರದ ಆಟಿಕೆಗಳ ಒಂದು ಆರ್ಡರನ್ನು ಉದಾಹರಣೆಯಾಗಿಟ್ಟುಕೊಂಡು ನೋಡೋಣ. ಇಲ್ಲಿ ಬರುವ ಘಟಕವೂ ಶಾಲೆಯೂ ಕಲ್ಪಿತ. ಕೆಲಸದ ಕ್ರಮ ಮಾತ್ರ ಆ ಊರಿನದೇ.

ಹುಬ್ಬಳ್ಳಿಯ ಒಂದು ಶಿಶುವಿಹಾರಕ್ಕೆ ಬಳೆ ಜೋಡಿಸುವ ಆಟಿಕೆಯ 600 ಸೆಟ್ ಬೇಕಾಗಿದೆ. ಒಂದು ಪೀಠ, ನಡುವೆ ಒಂದು ಕಂಬ, ಅದಕ್ಕೆ ಪೋಣಿಸುವ ಐದು ಬಣ್ಣದ ಬಳೆ, ಮೇಲೊಂದು ಗುಂಡು, ಹೀಗೆ ಸೆಟ್ಟಿಗೆ ಎಂಟು ತುಂಡು. ತೆರಿಗೆ ಸೇರಿ ಸೆಟ್ಟಿಗೆ ₹300ರಂತೆ ಒಟ್ಟು ₹1,80,000. ಅದರಲ್ಲಿ ಶೇಕಡಾ 40, ಅಂದರೆ ₹72,000 ಮುಂಗಡ. ಶಾಲೆಯವರಿಗೆ ಆಟಿಕೆ ಬೇಕಿರುವುದು 2026ರ ಜುಲೈ 25ರ ಶನಿವಾರ ನಡೆಯುವ ಪೋಷಕರ ಸಭೆಗೆ. ಜೂನ್ 1ರ ಸೋಮವಾರ ಅವರು ಮುಂಗಡ ಕಳಿಸಿದ್ದಾರೆ.

ಹಣ ಬಂದಿದೆಯೇ, ಬಂದ ಸುದ್ದಿ ಮಾತ್ರವೇ?

ಪತ್ರದ ಮೊದಲ ಸಾಲು ಹಣದ್ದು. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಈ ಸಾಲು ಬರೆಯಬಾರದು. ಸ್ಕ್ರೀನ್‌ಶಾಟ್ ಎಂದರೆ ಅವರ ಕಡೆಯಿಂದ ಹಣ ಹೊರಟ ಸುದ್ದಿ ಅಷ್ಟೇ, ಕೆಲವೊಮ್ಮೆ ಅದೂ ಆಗಿರುವುದಿಲ್ಲ. ತಮ್ಮ ಬ್ಯಾಂಕ್ ಖಾತೆ ತೆರೆದು, ಜಮೆಯಾದ ಮೊತ್ತ, ದಿನಾಂಕ, ಕಳಿಸಿದವರ ಹೆಸರು ಮೂರನ್ನೂ ನೋಡಿಕೊಂಡ ಮೇಲೆಯೇ ಬರೆಯಬೇಕು. ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜಾದಿನವೆನ್ನದೆ ಅರ್ಧ ಗಂಟೆಗೊಂದು ಕಂತಿನಂತೆ ನಡೆಯುತ್ತಿರುವುದರಿಂದ, ಹಣ ನಿಜಕ್ಕೂ ಹೊರಟಿದ್ದರೆ ಇದಕ್ಕೆ ಹೆಚ್ಚು ಕಾಯಬೇಕಾಗಿಲ್ಲ.

ಪ್ರತಿ ವರ್ಗಾವಣೆಗೂ ಯುಟಿಆರ್ ಎಂಬ ಗುರುತು ಸಂಖ್ಯೆ ಇರುತ್ತದೆ. ಅದನ್ನು ಪತ್ರದಲ್ಲಿ ನಮೂದಿಸಿದರೆ ಯಾವ ಹಣ ಯಾವ ಆರ್ಡರಿನದು ಎಂಬ ಪ್ರಶ್ನೆ ಮುಂದೆ ಏಳುವುದಿಲ್ಲ. ಒಂದೇ ಶಾಲೆ ಒಂದೇ ತಿಂಗಳಲ್ಲಿ ಎರಡು ಆರ್ಡರ್ ಕೊಟ್ಟು, ಎರಡಕ್ಕೂ ಒಂದೇ ಮೊತ್ತ ಹಾಕಿದಾಗ ಇದರ ಬೆಲೆ ತಿಳಿಯುತ್ತದೆ. ಚೆಕ್ಕಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಚೆಕ್ ಕೈಗೆ ಬಂದ ದಿನ "ಚೆಕ್ ತಲುಪಿದೆ, ಹಣ ಜಮೆಯಾದ ಮೇಲೆ ಖಚಿತಪಡಿಸುತ್ತೇವೆ" ಎಂದಷ್ಟೇ ಬರೆಯಬೇಕು. ಅದು ಪಾಸಾದ ದಿನವೇ ಮುಂಗಡ ಬಂದ ದಿನ.

ಬಂದ ಮೊತ್ತ ಒಪ್ಪಿದ ಮೊತ್ತಕ್ಕಿಂತ ಕಡಿಮೆಯಿದ್ದರೂ ಇದೇ ಸಾಲಿನಲ್ಲಿ ಹೇಳಿಬಿಡಬೇಕು. ₹72,000 ಬರಬೇಕಾದಲ್ಲಿ ₹70,000 ಬಂದಿದ್ದರೆ "ಮುಂಗಡ ತಲುಪಿದೆ" ಎಂದು ಬರೆದವರು ಉಳಿದ ₹2,000 ಕೇಳುವಾಗ ತಮ್ಮ ಪತ್ರಕ್ಕೇ ಉತ್ತರ ಹೇಳಬೇಕಾಗುತ್ತದೆ.

ಜಿಎಸ್‌ಟಿ ನೋಂದಣಿ ಇರುವ ಘಟಕವಾದರೆ ಮುಂಗಡಕ್ಕೆ ರಸೀದಿ ವೋಚರ್ ಕೊಡಬೇಕೆಂದು ಕಾನೂನು ಹೇಳುತ್ತದೆ. ಅದು ಇನ್‌ವಾಯ್ಸ್ ಅಲ್ಲ. ಸಾಮಾನ್ಯ ನೋಂದಣಿಯಲ್ಲಿರುವ ತಯಾರಕರು ಸರಕಿನ ಮುಂಗಡದ ಮೇಲೆ ಕೂಡಲೇ ತೆರಿಗೆ ಕಟ್ಟಬೇಕೆಂಬ ನಿಯಮ 2017ರ ನವೆಂಬರ್‌ನಲ್ಲೇ ಹೋಯಿತು, ತೆರಿಗೆ ಬರುವುದು ಮಾಲಿನ ಇನ್‌ವಾಯ್ಸ್ ಮಾಡುವಾಗ. ಸೇವೆಯ ಮುಂಗಡಕ್ಕೆ ಈ ವಿನಾಯಿತಿ ಇಲ್ಲ. ವೋಚರ್ ಲೆಕ್ಕದ ಕಾಗದ, ನಾವು ಹೇಳುತ್ತಿರುವ ಪತ್ರ ಮಾತಿನ ಕಾಗದ. ಒಂದು ಇದೆಯೆಂದು ಇನ್ನೊಂದನ್ನು ಬಿಡಬಾರದು.

ಲೇತ್ ತಿರುಗುವ ಮೊದಲು

ಎರಡನೆಯ ಸಾಲು ಕೆಲಸ ಶುರುವಾಗುವ ದಿನದ್ದು. ಹಣ ಬಂದ ಮರುದಿನವೇ ಲೇತ್ ತಿರುಗುತ್ತದೆಂದು ಗಿರಾಕಿ ತಿಳಿಯುವುದು ಸಹಜ. ನಿಜದಲ್ಲಿ ಅದಕ್ಕೆ ಮೊದಲು ಮೂರು ಸಂಗತಿ ಕೂಡಿಬರಬೇಕು.

ಮೊದಲನೆಯದು ಮರ. ಚನ್ನಪಟ್ಟಣದ ಆಟಿಕೆಗೆ ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ. ಬಿಳಿಯದು, ನಯವಾದ ಎಳೆಯದು, ಉಳಿಗೆ ಚೆನ್ನಾಗಿ ಒಗ್ಗುವಂಥದು. ಆದರೆ ಕಡಿದು ತಂದ ಮರವನ್ನು ಎರಡು ಮೂರು ತಿಂಗಳು ಒಣಗಿಸದೆ ಕಡೆಯುವಂತಿಲ್ಲ. ಹಸಿ ಮರದಲ್ಲಿ ಕಡೆದ ಬಳೆ ಆಮೇಲೆ ಒಣಗುತ್ತಾ ಕುಗ್ಗುತ್ತದೆ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ, ವಾರ್ಷಿಕ ಉಂಗುರಗಳ ಗುಂಟ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ಹಾಗಾಗಿ ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಕಂಬಕ್ಕೆ ಸಲೀಸಾಗಿ ಇಳಿಯುತ್ತಿದ್ದ ಬಳೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಒಣಗಿದ ಮರ ಎಷ್ಟಿದೆ ಎಂದು ಅಂಗಳಕ್ಕೆ ಹೋಗಿ ನೋಡದೆ ತಾರೀಖು ಕೊಡುವುದು ಸಾಧ್ಯವಿಲ್ಲ. ನಮ್ಮ ಘಟಕದಲ್ಲಿ 400 ಸೆಟ್ಟಿಗೆ ಆಗುವಷ್ಟು ಒಣ ಮರವಿದೆ. ಉಳಿದ 200 ಸೆಟ್ಟಿನದನ್ನು ಒಣಗಿಸಿಟ್ಟ ವ್ಯಾಪಾರಿಯಿಂದ ಕೊಳ್ಳಬೇಕು, ಜೂನ್ ಮೂರನೆಯ ವಾರ ಕೊಡುವುದಾಗಿ ಅವರು ಹೇಳಿದ್ದಾರೆ.

ಎರಡನೆಯದು ಗಿರಾಕಿಯ ಒಪ್ಪಿಗೆ. ಐದು ಬಳೆಗೆ ಯಾವ ಐದು ಬಣ್ಣ, ಯಾವ ಅಳತೆ, ಶಾಲೆಯ ಹೆಸರು ಪೀಠದ ಮೇಲೆ ಬೇಕೋ ಬೇಡವೋ, ಇವೆಲ್ಲ ಒಂದು ಮಾದರಿ ಸೆಟ್ ಕಂಡು ಅವರು ಹೂಂ ಎಂದ ಮೇಲೆಯೇ ತೀರ್ಮಾನ. ದಿನಗಳ ಎಣಿಕೆಯನ್ನು ಮುಂಗಡದ ದಿನದಿಂದ ಶುರು ಮಾಡಿದರೆ ಒಪ್ಪಿಗೆಗೆ ಗಿರಾಕಿ ತೆಗೆದುಕೊಂಡ ಸಮಯವೂ ತಯಾರಕರ ಲೆಕ್ಕಕ್ಕೇ ಬೀಳುತ್ತದೆ. ಆದ್ದರಿಂದ ಅನುಭವಸ್ಥರು "ಮುಂಗಡ ಮತ್ತು ಮಾದರಿಯ ಒಪ್ಪಿಗೆ, ಇವೆರಡರಲ್ಲಿ ಯಾವುದು ಕೊನೆಗೆ ಬರುತ್ತದೋ ಆ ದಿನದಿಂದ" ಎಂದು ಬರೆಯುತ್ತಾರೆ. ಇಷ್ಟೊಂದು ಮಾತು ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೂರನೆಯದು ಸರದಿ. ಮೂರು ಲೇತ್‌ಗಳ ಘಟಕದಲ್ಲಿ ಒಂದೇ ಆರ್ಡರ್ ಇರುವುದು ಅಪರೂಪ. ಈ ಆರ್ಡರಿಗೆಂದು ಜೂನ್ 10ರಿಂದ ಮೂರು ಲೇತ್ ಖಾಲಿ ಇಟ್ಟಿದ್ದಾರೆ ಎನ್ನೋಣ. ಒಪ್ಪಿಗೆ ಜೂನ್ 6ರೊಳಗೆ ಬರಬೇಕು. ಆಗ ಅರಗಿಗೆ ಬಣ್ಣ ಕಲಸಿ ಕಡ್ಡಿ ಮಾಡಿಕೊಳ್ಳಲು ಎರಡು ಮೂರು ದಿನ ಸಿಗುತ್ತದೆ. ಒಪ್ಪಿಗೆ ನಾಲ್ಕು ದಿನ ತಡವಾದರೆ ರವಾನೆಯೂ ನಾಲ್ಕೇ ದಿನ ತಡವೆಂದು ಗಿರಾಕಿ ಎಣಿಸುತ್ತಾರೆ. ಹಾಗಾಗುವುದಿಲ್ಲ. ಖಾಲಿ ಲೇತ್‌ಗೆ ಮುಂದಿನ ಆರ್ಡರ್ ಹತ್ತಿಬಿಟ್ಟರೆ ಅದು ಇಳಿಯುವವರೆಗೆ ಹತ್ತು ದಿನವಾದರೂ ಕಾಯಬೇಕಾದೀತು. ಇದನ್ನೂ ಪತ್ರದಲ್ಲಿ ಮೊದಲೇ ತಿಳಿಸುವುದು ಒಳ್ಳೆಯದು.

ಜುಲೈ 15 ಎಲ್ಲಿಂದ ಬಂತು?

600 ಸೆಟ್, ಸೆಟ್ಟಿಗೆ ಎಂಟು ತುಂಡು, ಒಟ್ಟು 4,800 ತುಂಡು. ಒಂದು ಲೇತ್ ಮೇಲೆ ದಿನಕ್ಕೆ ಸರಾಸರಿ 80 ತುಂಡು ಕಡೆದು ಅರಗು ಹಚ್ಚಿ ಮುಗಿಸಬಹುದೆಂದು ಈ ಘಟಕದ ಹಳೆಯ ಲೆಕ್ಕ ಹೇಳುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ತಾಳೆ ಗರಿಯಿಂದ ಅದನ್ನು ಎಲ್ಲೆಡೆ ಸಮನಾಗಿ ಹರಡಿ ಹೊಳಪು ತರುತ್ತಾರೆ. ಕಡೆಯುವುದೂ ಬಣ್ಣವೂ ಒಂದೇ ಲೇತ್ ಮೇಲೆ ಮುಗಿಯುವುದರಿಂದ ಬಣ್ಣ ಒಣಗಲೆಂದು ಬೇರೆ ದಿನ ಎತ್ತಿಡಬೇಕಿಲ್ಲ.

ಮೂರು ಲೇತ್ ಸೇರಿ ದಿನಕ್ಕೆ 240 ತುಂಡು. 4,800 ತುಂಡಿಗೆ 20 ಕೆಲಸದ ದಿನ. ಜೂನ್ 10ರ ಬುಧವಾರ ಶುರು ಮಾಡಿ, ಭಾನುವಾರಗಳನ್ನೂ ಜೂನ್ ಕೊನೆಯ ವಾರದ ಮೊಹರಂ ರಜೆಯನ್ನೂ ಬಿಟ್ಟು ಎಣಿಸಿದರೆ ಜುಲೈ 3ರ ಶುಕ್ರವಾರಕ್ಕೆ ಬಂದು ನಿಲ್ಲುತ್ತೇವೆ. ಪ್ರತಿ ಬಳೆಯನ್ನೂ ಕಂಬಕ್ಕೆ ಇಳಿಸಿ ನೋಡಿ, ಸೆಟ್ ಮಾಡಿ, ಪೆಟ್ಟಿಗೆಗೆ ತುಂಬಲು ನಾಲ್ಕು ದಿನ ಬೇಕು. ಅಲ್ಲಿ ತಿರಸ್ಕೃತವಾದ ತುಂಡುಗಳನ್ನು ಮತ್ತೆ ಮಾಡಲು ಎರಡು ದಿನ. ಅಲ್ಲಿಗೆ ಜುಲೈ 10. ಕರೆಂಟು ಹೋಗುವುದು, ಒಬ್ಬ ಕೆಲಸಗಾರ ಹುಷಾರು ತಪ್ಪುವುದು ಇಂಥವುಗಳಿಗೆ ಮೂರು ನಾಲ್ಕು ದಿನ ಇಟ್ಟುಕೊಂಡರೆ ಜುಲೈ 15ರ ಬುಧವಾರ.

ಈಗ ಪತ್ರದಲ್ಲಿ ಬರೆಯಬೇಕಾದುದು 10 ಅಲ್ಲ, 15. "10ರಿಂದ 15ರ ನಡುವೆ" ಎಂದು ಬರೆದರೂ ತೊಂದರೆಯೇ. ಓದುವವರ ಕಣ್ಣು ಮೊದಲ ತಾರೀಖಿನ ಮೇಲೆ ನಿಲ್ಲುತ್ತದೆ, 11ರ ಬೆಳಗ್ಗೆ ಫೋನ್ ಬರುತ್ತದೆ. "ಜುಲೈ 15ರೊಳಗೆ" ಎಂದು ಒಂದೇ ಗಡುವು ಬರೆದು, ಮೊದಲೇ ಸಿದ್ಧವಾದರೆ ತಿಳಿಸುತ್ತೇವೆ ಎಂದರೆ ಸಾಕು.

ಇನ್ನೊಂದು ಗೆರೆ ಎಳೆಯಬೇಕಿರುವುದು ರವಾನೆಗೂ ತಲುಪುವುದಕ್ಕೂ ನಡುವೆ. 15ರಂದು ಮಾಲು ಚನ್ನಪಟ್ಟಣದಿಂದ ಹೊರಡುತ್ತದೆ, ಹುಬ್ಬಳ್ಳಿ ಸೇರಲು ಪಾರ್ಸೆಲ್ ಸರ್ವಿಸಿನಲ್ಲಿ ಎರಡು ಮೂರು ದಿನ. 1930ರ ಸರಕು ಮಾರಾಟ ಕಾಯಿದೆಯ 39ನೇ ಕಲಮಿನ ಪ್ರಕಾರ, ಒಪ್ಪಂದದಂತೆ ಮಾಲನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದನ್ನು ಕೊಂಡವರಿಗೇ ಒಪ್ಪಿಸಿದಂತೆ. ಶಾಲೆಯ ಬಾಗಿಲಿಗೆ ತಲುಪಿಸುವುದೇ ತಯಾರಕರ ಹೊಣೆ ಎಂದು ಮಾತಾಗಿದ್ದರೆ ಅದನ್ನು ಬಿಡಿಸಿ ಬರೆಯಬೇಕು. ಪತ್ರದಲ್ಲಿ ಎರಡೂ ತಾರೀಖು ಕಂಡರೆ ಗಿರಾಕಿ ತಮ್ಮ ಸಭೆಯ ದಿನವನ್ನು ಸರಿಯಾದುದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಬಾಕಿ ಹಣವೂ ಈ ತಾರೀಖಿಗೆ ಗಂಟು ಬಿದ್ದಿದೆ. ಬಾಕಿ ಪೂರ್ತಿ ಬಂದ ಮೇಲೆಯೇ ರವಾನೆ ಎಂಬುದು ಇಂಥ ವ್ಯವಹಾರದಲ್ಲಿ ಸಾಮಾನ್ಯ. ಪತ್ರದಲ್ಲಿ ಅದನ್ನು ಹೇಳದೆ ಬಿಟ್ಟರೆ 15ರಂದು ಮಾಲು ಸಿದ್ಧವಿದ್ದೂ ಪೆಟ್ಟಿಗೆಗಳು ಗೋಡೆಗೆ ಒರಗಿ ಕೂತಿರುತ್ತವೆ, ಶಾಲೆಯವರು ತಡವಾಯಿತೆಂದು ದೂರುತ್ತಿರುತ್ತಾರೆ.

ಪತ್ರ ಹೀಗಿರಬಹುದು

ಮೇಲಿನ ಲೆಕ್ಕವೆಲ್ಲ ಮುಗಿದ ಮೇಲೆ, ಜೂನ್ 2ರಂದು ಘಟಕ ಬರೆಯುವ ಪತ್ರ ಇಷ್ಟೇ:

"ಮಾನ್ಯರೇ,

ಬಳೆ ಜೋಡಿಸುವ ಆಟಿಕೆಯ 600 ಸೆಟ್‌ಗಳ ತಮ್ಮ ಆರ್ಡರಿಗೆ ಮುಂಗಡ ₹72,000 ಜೂನ್ 1ರಂದು ನೆಫ್ಟ್ ಮೂಲಕ ನಮ್ಮ ಖಾತೆಗೆ ಜಮೆಯಾಗಿದೆ. ಯುಟಿಆರ್ ಸಂಖ್ಯೆಯನ್ನು ಜೊತೆಗಿರುವ ರಸೀದಿ ವೋಚರಿನಲ್ಲಿ ನಮೂದಿಸಿದ್ದೇವೆ. ಒಟ್ಟು ಮೊತ್ತ ₹1,80,000, ಬಾಕಿ ₹1,08,000.

ಮಾದರಿ ಸೆಟ್ಟನ್ನು ಇಂದು ಕೊರಿಯರ್ ಮಾಡಿದ್ದೇವೆ. ಬಣ್ಣ ಮತ್ತು ಅಳತೆಗೆ ತಮ್ಮ ಒಪ್ಪಿಗೆಯನ್ನು ಜೂನ್ 6ರೊಳಗೆ ಬರೆದು ತಿಳಿಸಿದರೆ ಜೂನ್ 10ರಂದು ಕೆಲಸ ಆರಂಭಿಸುತ್ತೇವೆ. ಒಪ್ಪಿಗೆ ತಡವಾದರೆ ಲೇತ್‌ಗಳ ಸರದಿ ನೋಡಿ ಹೊಸ ತಾರೀಖು ತಿಳಿಸುತ್ತೇವೆ.

ಜುಲೈ 15ರೊಳಗೆ ಚನ್ನಪಟ್ಟಣದಿಂದ ಮಾಲು ರವಾನೆಯಾಗುತ್ತದೆ. ಹುಬ್ಬಳ್ಳಿಗೆ ತಲುಪಲು ಅಲ್ಲಿಂದ ಎರಡು ಮೂರು ದಿನ ಹಿಡಿಯಬಹುದು. ಮಾಲು ಸಿದ್ಧವಾದ ದಿನ ಫೋಟೊ ಸಹಿತ ತಿಳಿಸುತ್ತೇವೆ, ಬಾಕಿ ಹಣ ಜಮೆಯಾದ ಮರು ಕೆಲಸದ ದಿನ ಮಾಲು ಹೊರಡುತ್ತದೆ. ರವಾನೆಯಾದ ದಿನವೇ ಲಾರಿ ರಸೀದಿಯ ಪ್ರತಿ ಕಳಿಸುತ್ತೇವೆ.

200 ಸೆಟ್ಟಿನ ಮರ ಜೂನ್ ಮೂರನೆಯ ವಾರ ಬರಬೇಕಿದೆ. ಅದರಲ್ಲಿ ವ್ಯತ್ಯಾಸವಾದರೆ ಜೂನ್ 20ರೊಳಗೆ ತಮಗೆ ತಿಳಿಸುತ್ತೇವೆ."

ಕೊನೆಯ ಎರಡು ಸಾಲನ್ನು ಬರೆಯಲು ಅನೇಕ ತಯಾರಕರು ಹಿಂಜರಿಯುತ್ತಾರೆ. ಇಲ್ಲದ ಭಯವನ್ನು ಗಿರಾಕಿಯ ತಲೆಗೆ ಹಾಕಿದಂತಾದೀತು ಎಂಬ ಅಳುಕು. ಆದರೆ ಇಡೀ ತಾರೀಖು ಅಲುಗಾಡಬಹುದಾದ ಒಂದೇ ಜಾಗ ಇದು, ಇದು ಘಟಕಕ್ಕೆ ಮೊದಲೇ ಗೊತ್ತು.

ಮಳೆ ಹಿಡಿದಾಗ

ಜೂನ್ 19ರಂದು ಆ ಮರ ಬಂತು ಎಂದಿಟ್ಟುಕೊಳ್ಳಿ. ವ್ಯಾಪಾರಿ ಒಣಗಿದ್ದು ಎನ್ನುತ್ತಾರೆ. ಉಳಿ ಇಟ್ಟಾಗ ಒಣ ಮರ ಪುಡಿಪುಡಿಯಾಗಿ ಉದುರುತ್ತದೆ, ಹಸಿ ಮರದ ಸಿಪ್ಪೆ ಉದ್ದಕ್ಕೆ ಎಳೆಯಾಗಿ ಬರುತ್ತದೆ, ಕೈಗೆ ತಂಪು ಹತ್ತುತ್ತದೆ. ಅದರ ಮೇಲೆ ಅರಗೂ ಸರಿಯಾಗಿ ಹಿಡಿಯುವುದಿಲ್ಲ. ಅನುಮಾನವಿದ್ದರೆ ಒಂದು ತುಂಡನ್ನು ತೂಕ ಮಾಡಿ ಗಾಳಿಯಾಡುವ ಕಡೆ ಇಟ್ಟು ದಿನವೂ ತೂಗುತ್ತಾರೆ. ತೂಕ ಇಳಿಯುತ್ತಲೇ ಇದ್ದರೆ ಒಳಗೆ ನೀರಿದೆ. ಮಳೆಗಾಲದಲ್ಲಿ ಅದು ಬೇಗ ಹೋಗುವುದೂ ಇಲ್ಲ.

ಈಗ ಇರುವುದು ಎರಡು ದಾರಿ. ಒಂದು, ಏನಾದರಾಗಲಿ ಎಂದು ಕಡೆದು ಕಳಿಸುವುದು. ಆಗ ಜುಲೈ 15ರ ಮಾತು ಉಳಿಯುತ್ತದೆ, ಆಗಸ್ಟಿನಲ್ಲಿ ಬಳೆಗಳು ಕಂಬಕ್ಕೆ ಇಳಿಯುವುದಿಲ್ಲ. ಇನ್ನೊಂದು, 20ರಂದೇ ಎರಡನೆಯ ಪತ್ರ ಬರೆಯುವುದು. ಅದರಲ್ಲಿ ಕ್ಷಮೆಗಿಂತ ಲೆಕ್ಕ ಹೆಚ್ಚಿರಬೇಕು. ಹತ್ತು ಕೆಲಸದ ದಿನದಲ್ಲಿ 2,400 ತುಂಡು, ಅಂದರೆ 300 ಸೆಟ್ಟಿನಷ್ಟು ಮುಗಿದಿದೆ. ನಮ್ಮಲ್ಲಿರುವ ಒಣ ಮರದಿಂದ 400 ಸೆಟ್ ಪೂರ್ತಿ ಮಾಡಿ ಜುಲೈ 3ರೊಳಗೆ ಕಳಿಸಬಲ್ಲೆವು. ಉಳಿದ 200 ಸೆಟ್ಟಿನ ಮರ ಹಸಿಯಿದೆ, ವಾಪಸು ಕಳಿಸಿ ಬೇರೆಯವರಿಂದ ತರಿಸುತ್ತಿದ್ದೇವೆ. ಅದು ಜುಲೈ 4ಕ್ಕೆ ಬರುತ್ತದೆ, 6ರಿಂದ ಏಳು ದಿನ ಲೇತ್ ಕೆಲಸ, ಆಮೇಲೆ ಪರೀಕ್ಷೆ ಮತ್ತು ಪ್ಯಾಕಿಂಗ್, ಜುಲೈ 20ರೊಳಗೆ ರವಾನೆ. ಬಾಕಿಯನ್ನೂ ಎರಡು ಭಾಗ ಮಾಡಬಹುದು, ಮೊದಲ ಕಂತಿಗೆ ₹72,000, ಎರಡನೆಯದಕ್ಕೆ ₹36,000. ಎರಡು ಸಲ ಸಾಗಿಸುವ ಹೆಚ್ಚಿನ ಬಾಡಿಗೆ ನಮ್ಮದು.

ಐದು ದಿನ ತಡವಾದರೂ ಶಾಲೆಯ 25ರ ಸಭೆಗೆ ಮಾಲು ಎರಡು ದಿನ ಮೊದಲೇ ಮುಟ್ಟುತ್ತದೆ. ಇದೇ ಸುದ್ದಿಯನ್ನು ಜುಲೈ 14ರಂದು ಹೇಳಿದ್ದರೆ ಬೇರೆ ಮರ ಹುಡುಕಲು ಘಟಕಕ್ಕೂ, ಬೇರೆ ಏರ್ಪಾಡು ಮಾಡಿಕೊಳ್ಳಲು ಶಾಲೆಗೂ ಸಮಯ ಉಳಿಯುತ್ತಿರಲಿಲ್ಲ. ಎರಡನೆಯ ಪತ್ರಕ್ಕೆ ದಿನ ನಿಗದಿಯಾಗಿದ್ದು ಮೊದಲ ಪತ್ರದಲ್ಲೇ ಎಂಬುದನ್ನು ಗಮನಿಸಬೇಕು.

ಪತ್ರ ಪಡೆದವರ ಕೆಲಸ

ಗಿರಾಕಿಯೂ ಇದನ್ನು ಓದಿ ಕಡತಕ್ಕೆ ಹಾಕಿದರೆ ಸಾಲದು. 25ರಂದು ಸಭೆ ಇದೆ, ಆಮೇಲೆ ಬಂದ ಮಾಲು ನಮಗೆ ಉಪಯೋಗಕ್ಕೆ ಬಾರದು ಎಂಬ ಮಾತನ್ನು ಶಾಲೆ ಉತ್ತರದಲ್ಲಿ ಬರೆಯಬೇಕು. ಇದು ಬರಿಯ ಮಾಹಿತಿಯಲ್ಲ. 1872ರ ಭಾರತೀಯ ಕರಾರು ಕಾಯಿದೆಯ 55ನೇ ಕಲಮು ಎರಡು ಬಗೆಯ ಗಡುವುಗಳನ್ನು ಬೇರೆ ಮಾಡುತ್ತದೆ. ಸಮಯವೇ ಮುಖ್ಯವೆಂದು ಇಬ್ಬರೂ ಉದ್ದೇಶಿಸಿದ್ದಲ್ಲಿ, ಗಡುವು ತಪ್ಪಿದರೆ ಕೊಂಡವರು ಕರಾರನ್ನೇ ರದ್ದು ಮಾಡಬಹುದು. ಹಾಗೆ ಉದ್ದೇಶಿಸಿಲ್ಲದಿದ್ದರೆ ರದ್ದು ಮಾಡಲು ಬರುವುದಿಲ್ಲ, ತಡದಿಂದಾದ ನಷ್ಟವನ್ನು ಮಾತ್ರ ಕೇಳಬಹುದು. ಆ ಉದ್ದೇಶ ಇತ್ತೆಂದು ತೋರಿಸಲು ಫೋನಿನ ಮಾತಿಗಿಂತ ಕಾಗದದ ಸಾಲು ಗಟ್ಟಿ. ಅದಕ್ಕೆ ಸರಿಯಾದ ಹೊತ್ತು ಆರ್ಡರ್ ಕೊಡುವಾಗಲೇ. ಅಲ್ಲಿ ಬಿಟ್ಟುಹೋಗಿದ್ದರೆ ಈ ಉತ್ತರದಲ್ಲಿ ಬರೆದು, ತಯಾರಕರಿಂದ ಒಪ್ಪಿಗೆ ತರಿಸಿಕೊಳ್ಳಬೇಕು.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಸಮಯವೇ ಮುಖ್ಯವಾಗಿದ್ದ ಕರಾರಿನಲ್ಲಿ ಗಡುವು ತಪ್ಪಿದ ಮೇಲೂ ಮಾಲನ್ನು ಒಪ್ಪಿ ಇಳಿಸಿಕೊಂಡವರು, ಇಳಿಸಿಕೊಳ್ಳುವಾಗಲೇ ತಿಳಿಸದಿದ್ದರೆ ತಡಕ್ಕೆ ಪರಿಹಾರ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಮಾಲು ಬೇಕು, ಆದರೆ ತಡದ ನಷ್ಟವನ್ನೂ ಬಿಡುವುದಿಲ್ಲ ಎನ್ನುವವರು ಪೆಟ್ಟಿಗೆ ಇಳಿಸಿಕೊಳ್ಳುವಾಗಲೇ "ತಡವಾಗಿ ಪಡೆದಿದ್ದೇವೆ, ಪರಿಹಾರದ ಹಕ್ಕು ಉಳಿಸಿಕೊಂಡಿದ್ದೇವೆ" ಎಂದು ರಸೀದಿಯ ಮೇಲೆ ಬರೆದು, ಅದರ ಪ್ರತಿಯನ್ನು ಅಂದೇ ತಯಾರಕರಿಗೆ ಕಳಿಸಬೇಕು. ಹಾಗೆ ಬರೆಯಲು ಯಾವ ತಾರೀಖಿಗೆ ಹೋಲಿಸಿ ತಡವಾಯಿತು ಎಂಬುದು ಗೊತ್ತಿರಬೇಕು. ಮುಂಗಡ ಕೊಟ್ಟ ವಾರದೊಳಗೆ ಇಂಥ ಪತ್ರ ಬಾರದಿದ್ದರೆ ಅದನ್ನು ಕೇಳಿ ತರಿಸಿಕೊಳ್ಳುವುದು ಗಿರಾಕಿಯದೇ ಕೆಲಸ.